ಸಾರಜನಕ–ಆಮ್ಲಜನಕದ ಪ್ರಶ್ನೆ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಿನ್ನೆಯ ಪ್ರಶ್ನೆಯಲ್ಲಿ ಆಮ್ಲಜನಕದ ಅಯಾನೀಕರಣ ಶಕ್ತಿ ಸಾರಜನಕಕ್ಕಿಂತ ಜಾಸ್ತಿ ಎಂದು ಹಲವರು ಬರೆದಿದ್ದೀರಿ. ಉತ್ತರ ಉಲ್ಟಾ: ಸಾರಜನಕಕ್ಕೆ ಮೋಲ್‌ಗೆ ಸುಮಾರು 1402 ಕಿಲೋಜೂಲ್, ಆಮ್ಲಜನಕಕ್ಕೆ 1314.

ಆವರ್ತದಲ್ಲಿ ಎಡದಿಂದ ಬಲಕ್ಕೆ ಹೋದಂತೆ ಪ್ರೋಟಾನ್ ಹೆಚ್ಚುತ್ತವೆ, ಹೊರ ಕವಚ ಮಾತ್ರ ಅದೇ. ಎಳೆತ ಬಿಗಿಯಾಗಿ ಪರಮಾಣು ಕುಗ್ಗುತ್ತದೆ, ಎಲೆಕ್ಟ್ರಾನ್ ಕೀಳುವುದು ಕಷ್ಟವಾಗುತ್ತದೆ. ಇಲ್ಲಿಯವರೆಗೆ ಸರಿ ಅಲ್ವಾ?

ಈಗ 2p ಕಕ್ಷಕಗಳ ಮೂರು ಚೌಕ ಬರೆದು ನೋಡಿ. ಸಾರಜನಕದಲ್ಲಿ ಒಂದೊಂದಕ್ಕೆ ಒಂದೊಂದೇ ಎಲೆಕ್ಟ್ರಾನ್. ಆಮ್ಲಜನಕದ ನಾಲ್ಕನೆಯದು ಆಗಲೇ ಒಂದಿರುವ ಚೌಕಕ್ಕೇ ಹೋಗಬೇಕು. ಜೋಡಿಯಾದವು ಒಂದನ್ನೊಂದು ತಳ್ಳುವುದರಿಂದ ಅದರಲ್ಲೊಂದನ್ನು ಕೀಳುವುದು ಸುಲಭ. ಗಾತ್ರಕ್ಕೆ ಇದು ಅನ್ವಯಿಸುವುದಿಲ್ಲ, ಆಮ್ಲಜನಕವೇ ಚಿಕ್ಕದು. ಹಾಗಾಗಿ 'ಚಿಕ್ಕದಾದರೆ ಶಕ್ತಿ ಜಾಸ್ತಿ' ಎಂದು ಸುಮ್ನೆ ಬರೆಯಬೇಡಿ.

ಗುಂಪಿನಲ್ಲಿ ಕೆಳಗೆ ಇಳಿದರೆ ಹೊಸ ಕವಚ ಸೇರಿ ಗಾತ್ರ ಹಿಗ್ಗುತ್ತದೆ, ಶಕ್ತಿ ಇಳಿಯುತ್ತದೆ. ಸಾರಜನಕದ ಕೆಳಗಿನ ರಂಜಕಕ್ಕೆ 1012, ಆಮ್ಲಜನಕದ ಕೆಳಗಿನ ಗಂಧಕಕ್ಕೆ 1000. ಇಳಿತ ಇಲ್ಲೂ ಇದೆ, ಆದರೆ 88 ಇದ್ದದ್ದು ಬರೀ 12 ಆಗಿದೆ. 3p ಕಕ್ಷಕ ದೊಡ್ಡದು, ಜೋಡಿ ಎಲೆಕ್ಟ್ರಾನ್‌ಗಳಿಗೆ ಜಾಗ ಜಾಸ್ತಿ, ತಳ್ಳಾಟ ಕಡಿಮೆ. ನನಗೆ ಇಡೀ ಪಾಠದಲ್ಲಿ ಇಷ್ಟವಾಗುವ ಜಾಗ ಇದೇ.

ಬೆರಿಲಿಯಂ–ಬೋರಾನ್ ನಡುವಿನ ಇಳಿತಕ್ಕೆ ಕಾರಣ ಬೇರೆ. ಅಲ್ಲಿ ಜೋಡಿಯ ಮಾತಿಲ್ಲ, ಬೋರಾನ್‌ನಲ್ಲಿ ಕೀಳುವ ಎಲೆಕ್ಟ್ರಾನ್ 2s ಬಿಟ್ಟು 2p ಯಲ್ಲಿದೆ. ಚೌಕ ಬರೆದ ಉತ್ತರವನ್ನೇ ಫೋಟೊ ತೆಗೆದು ಇಲ್ಲಿ ಹಾಕಿ.