ಕಟೌಟ್ ಚಿತ್ರಗಳಿಗೆ ಬಿಳಿ ಹಿನ್ನೆಲೆ ಬೇಡ

ಎಲ್ಲರ ಗಮನಕ್ಕೆ: ಹಿನ್ನೆಲೆಯಿಂದ ಕತ್ತರಿಸಿ ಬೇರೆ ದೃಶ್ಯದಲ್ಲಿ ಕೂರಿಸಲು ಎಐ ಟೂಲ್‌ನಲ್ಲಿ ಪ್ರಾಡಕ್ಟ್ ಚಿತ್ರ ಮಾಡಿಸುವಾಗ ಸುಮ್ನೆ ಬಿಳಿ ಹಿನ್ನೆಲೆ ಕೇಳಬೇಡಿ. ಬಿಳಿ ಮಗ್ ಆದರೆ ಬೆಳಕು ಬಿದ್ದ ಕಡೆ ಅಂಚೇ ಕಾಣುವುದಿಲ್ಲ, ಕತ್ತರಿಸುವುದು ಎಲ್ಲಿ? ಒಂದೇ ಸಮನಾದ ಬೂದು ಬಣ್ಣ ಕೇಳಿ. ಹಸಿರೂ ಬೇಡ, ಹೊಳೆಯುವ ಮೈಗೆ ಅದರ ಛಾಯೆ ಹತ್ತುತ್ತದೆ. ಆಮೇಲೆ ತೆಗೆಯುವುದು ದೊಡ್ಡ ತಲೆನೋವು.

ನೆರಳು, ಪ್ರತಿಬಿಂಬ ಬೇಡ ಎಂದು ಪ್ರಾಂಪ್ಟ್‌ನಲ್ಲೇ ಬರೆಯಿರಿ. ನೆರಳನ್ನು ಕೊನೆಗೆ, ಹೊಸ ದೃಶ್ಯದ ಬೆಳಕು ನೋಡಿಕೊಂಡು ನಾವೇ ಹಾಕೋಣ.

ಕತ್ತರಿಸಿದ ಮೇಲೆ ಕಟೌಟನ್ನು ಒಮ್ಮೆ ಬಿಳಿ, ಒಮ್ಮೆ ಕಪ್ಪು ಲೇಯರ್ ಮೇಲಿಟ್ಟು ಜೂಮ್ ಮಾಡಿ ನೋಡಿ. ಬಿಳಿಯ ಮೇಲೆ ಅಂಚಿನಲ್ಲಿ ಬೂದು ಗೆರೆ ಕಂಡರೆ ಮಾಸ್ಕನ್ನು 1 ಪಿಕ್ಸೆಲ್ ಒಳಕ್ಕೆ ತನ್ನಿ. ಮಗ್‌ನ ಹಿಡಿಯೊಳಗಿನ ಖಾಲಿ ಜಾಗವನ್ನೂ ನೋಡಿ, ಹಿನ್ನೆಲೆ ಉಳಿದುಬಿಡುವುದು ಅಲ್ಲೇ ಜಾಸ್ತಿ. ಪಾರದರ್ಶಕತೆ ಉಳಿಯಬೇಕಲ್ವಾ, PNG ಆಗಿಯೇ ಕಳಿಸಿ.