ಮೊದಲ ಮೂರು ಪುಟದ ಬಗ್ಗೆ, ತಂಗಿಗೆ

ತಂಗಿ,

ನಿನ್ನ ಕಾದಂಬರಿಯ ಮೊದಲ ಅಧ್ಯಾಯವನ್ನು ಎರಡು ಸಲ ಓದಿದೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟ, ಮನೆ, ಜನ ಎಲ್ಲವೂ ನಿನಗೆ ಚೆನ್ನಾಗಿ ಗೊತ್ತು. ಆದರೆ ಶುರು ಮಾಡಿದ ಜಾಗ ಸರಿಯಿಲ್ಲ. ಮೊದಲ ಪುಟ ಪೂರ್ತಿ ಮಳೆ. ಎರಡನೇ ಪುಟದಲ್ಲಿ ಮನೆ: ಜಗಲಿ, ಮೆತ್ತು, ಬಚ್ಚಲ ಹಂಡೆ. ಮೂರನೇ ಪುಟದಲ್ಲಿ ಅಜ್ಜನ ಕಾಲದ ಪಾಲು ಪಂಚಾಯ್ತಿ. ಈ ವರ್ಷ ತೋಟ ಕೈಬಿಟ್ಟು ಹೋಗಬಹುದು ಅಂತ ಓದುಗರಿಗೆ ತಿಳಿಯುವುದು ಒಂಬತ್ತನೇ ಪುಟದಲ್ಲಿ. ಅಷ್ಟು ಹೊತ್ತು ಅವರು ಯಾಕೆ ಕಾಯಬೇಕು?

ಅಚ್ಚಾದ ಪುಸ್ತಕದಲ್ಲಿ ಮೂರು ಪುಟ ಅಂದರೆ ಹೆಚ್ಚು ಕಡಿಮೆ 600 ಪದ. ಅಷ್ಟರಲ್ಲಿ ಓದುಗರಿಗೆ ಮೂರು ವಿಷಯ ಸಿಗಬೇಕು. ಇದು ಯಾವ ಲೋಕ, ಕಥೆ ಯಾವ ದನಿಯಲ್ಲಿ ನಡೆಯುತ್ತದೆ, ಯಾರು ಏನನ್ನು ಕಳೆದುಕೊಳ್ಳಬಹುದು. ನೀನು ಮಾಡಿದಂತೆ ಪುಟಕ್ಕೊಂದು ವಿಷಯ ಹಂಚಿದರೆ ಇದು ಆಗುವುದಿಲ್ಲ. ಮೂರೂ ಒಂದೇ ಕೆಲಸದೊಳಗಿಂದ ಬರಬೇಕು. ಆ ಕೆಲಸಕ್ಕೆ ಹೊತ್ತಿನ ಗಡುವು ಇರಬೇಕು.

ಅಂಥ ಕೆಲಸ ನಿನ್ನ ಒಂಬತ್ತನೇ ಪುಟದಲ್ಲೇ ಇದೆ. ಆಷಾಢದಲ್ಲಿ ಒಂದು ಬೆಳಿಗ್ಗೆ ಮಳೆ ಬಿಟ್ಟು ಹೊಳವಾಗಿದೆ. ಶಾರದೆ ಮತ್ತು ಅವಳ ಅಪ್ಪಯ್ಯ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಬೇಕು. ಇದನ್ನು ನೀನು ಎರಡು ಸಾಲಿನಲ್ಲಿ ಮುಗಿಸಿ ಮತ್ತೆ ಅಜ್ಜನ ಕಡೆಗೆ ಹೋಗಿದ್ದೀಯ. ನನ್ನ ಪ್ರಕಾರ ಕಾದಂಬರಿ ಶುರುವಾಗಬೇಕಾದ್ದು ಇಲ್ಲಿಂದ.

ಆ ಬೆಳಿಗ್ಗೆಯಲ್ಲಿ ಏನೇನಿದೆ ನೋಡು. ಆ ಔಷಧಿ, ಅಂದರೆ ಬೋರ್ಡೋ ದ್ರಾವಣ ಮಾಡುವುದು ನಿನಗೆ ಗೊತ್ತೇ ಇದೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಮಾಡಿದ್ದನ್ನು ಅವತ್ತೇ ಹೊಡೆದು ಮುಗಿಸಬೇಕು, ನಾಳೆಗೆ ಇಟ್ಟರೆ ಅದರ ಗುಣ ಹೋಗುತ್ತದೆ. ಹೊಡೆದ ಮೇಲೆ ಅಡಿಕೆ ಗೊನೆಯ ಮೇಲೆ ಅದು ಒಣಗುವಷ್ಟು ಹೊತ್ತು ಮಳೆ ಬರಬಾರದು. ಅಂದರೆ ಗಡುವನ್ನು ನೀನು ಹೊಸದಾಗಿ ಹುಟ್ಟಿಸಬೇಕಾಗಿಲ್ಲ, ಅದು ಡ್ರಮ್ಮಿನಲ್ಲೇ ಇದೆ.

ಇನ್ನೂ ಒಂದು ವಿಷಯ ಇದೆ. ನೀನು ಅದನ್ನು ಬಿಟ್ಟುಬಿಟ್ಟಿದ್ದೀಯ. ಸುಣ್ಣ ಸಾಕಾಗಿದೆಯೋ ಇಲ್ಲವೋ ಅಂತ ನೋಡಲು ಉಜ್ಜಿದ ಕಬ್ಬಿಣದ ಚೂರಿಯನ್ನು ಡ್ರಮ್ಮಿಗೆ ಅದ್ದುತ್ತಾರಲ್ವಾ? ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಗಿಡ ಸುಡುತ್ತದೆ. ನಿನ್ನ ಮೊದಲ ದೃಶ್ಯದ ನಡುವೆ ಈ ಚೂರಿ ಇರಲಿ. ಶಾರದೆ ಅದ್ದಿ ತೆಗೆಯುತ್ತಾಳೆ. ಅಲಗು ಕೆಂಪಾಗಿದೆ. ಮನೆಯಲ್ಲಿದ್ದ ಸುಣ್ಣ ಮುಗಿದಿದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಆಗಲೇ ಬಂದು ಕಾಲಿನ ತಳೆ ಸರಿಮಾಡಿಕೊಳ್ಳುತ್ತಿದ್ದಾನೆ. ಮಧ್ಯಾಹ್ನದ ಮೇಲೆ ಅವನು ಆಚೆ ಮನೆಯವರಿಗೆ ಮಾತು ಕೊಟ್ಟಿದ್ದಾನೆ. ಪಡುವಣದಲ್ಲಿ ಮೋಡ ಕಟ್ಟುತ್ತಿದೆ.

ಇಷ್ಟಾದರೆ ನಿನ್ನ ಲೋಕ ಬಂದೇ ಬಿಟ್ಟಿತು. ಕೊಳೆರೋಗ ಅಂದರೇನು ಅಂತ ಒಂದು ಪ್ಯಾರಾ ಬರೆಯಬೇಡ. ಕಲಬುರಗಿಯ ಓದುಗರಿಗೆ ಅಡಿಕೆ ತೋಟ ಗೊತ್ತಿರಲಿಕ್ಕಿಲ್ಲ, ನಿಜ. ಆದರೆ ಅಪ್ಪಯ್ಯ ಮರದ ಬುಡದಲ್ಲಿ ಉದುರಿದ ಹಸಿರು ಕಾಯಿ ಹೆಕ್ಕಿ, ತೊಟ್ಟಿನ ಹತ್ತಿರ ನೀರು ಕುಡಿದಂತಾದ ಕಲೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಮಾತಾಡದೆ ಕಾಯಿಯನ್ನು ಪಂಚೆಯ ಮಡಿಕೆಗೆ ಸೇರಿಸಿದರೆ ಎಲ್ಲ ಊರಿನವರಿಗೂ ಅರ್ಥವಾಗುತ್ತದೆ. ವಿವರಿಸಬೇಕು ಅನ್ನಿಸಿದಲ್ಲೆಲ್ಲ ಒಂದು ಕೈ ಏನು ಮಾಡುತ್ತಿದೆ ಅಂತ ಬರಿ. ಮನೆ, ಜಗಲಿ, ಹಂಡೆ ಎಲ್ಲವೂ ಬರಬಹುದು, ಆದರೆ ಶಾರದೆ ಸುಣ್ಣ ಹುಡುಕುತ್ತಾ ಓಡುವಾಗ ದಾರಿಯಲ್ಲಿ ಸಿಕ್ಕಷ್ಟು ಮಾತ್ರ.

ದನಿಯ ವಿಷಯ ಸ್ವಲ್ಪ ಕಷ್ಟ. ಇದೇ ಘಟನೆಯನ್ನು ಎರಡು ಥರ ಬರೆದು ತೋರಿಸುತ್ತೇನೆ.

«ಶಾರದೆ ಚೂರಿ ತೆಗೆದಳು. ಅಲಗು ಕೆಂಪಗಿತ್ತು. ಅಪ್ಪಯ್ಯ ನೋಡಿದ. ಏನೂ ಅನ್ನಲಿಲ್ಲ.»

«ಚೂರಿ ಕೆಂಪಾಗಿದ್ದನ್ನು ಮೊದಲು ನೋಡಿದ್ದು ಕೊನೆಗಾರ, ಆದರೆ ಅವನು ಅದನ್ನು ಹೇಳುವ ಮೊದಲು ಕವಳ ಉಗುಳಬೇಕಿತ್ತು, ಉಗುಳುವುದಕ್ಕೆ ಅಪ್ಪಯ್ಯನ ಕಣ್ಣು ತಪ್ಪಿಸಿ ಬೇಲಿಯ ತನಕ ಹೋಗಬೇಕಿತ್ತು.»

ಎರಡರಲ್ಲೂ ಸಂಗತಿ ಒಂದೇ. ಮೊದಲನೆಯದನ್ನು ಓದಿದವರು ಅಪ್ಪ ಮಗಳ ನಡುವಿನ ಮೌನದ ಕಥೆಗೆ ತಯಾರಾಗುತ್ತಾರೆ. ಎರಡನೆಯದನ್ನು ಓದಿದವರು ಊರಿನ ಜನರೆಲ್ಲ ಬರುವ, ನಗು ಬೆರೆತ ಕಥೆ ಅಂದುಕೊಳ್ಳುತ್ತಾರೆ. ವಾಕ್ಯ ಎಷ್ಟು ಉದ್ದ, ಕಥೆ ಹೇಳುವವರ ಕಣ್ಣು ಯಾರ ಮೇಲೆ ನಿಂತಿದೆ, ಎಷ್ಟು ಹೊತ್ತು ನಿಂತಿದೆ ಅನ್ನುವುದರಿಂದ ದನಿ ಹುಟ್ಟುತ್ತದೆ. ‘ವಿಷಾದ’, ‘ಮಂಕು’ ಅಂತ ಬರೆದರೆ ಹುಟ್ಟುವುದಿಲ್ಲ. ನಿನ್ನ ಕಾದಂಬರಿ ನನಗೆ ತಿಳಿದ ಮಟ್ಟಿಗೆ ಮೊದಲ ಬಗೆಯದು. ಆದರೆ ಮಳೆಯ ಪುಟದಲ್ಲಿ ನೀನು ಉದ್ದುದ್ದ ವಾಕ್ಯ ಬರೆದಿದ್ದೀಯ, ನಾಲ್ಕನೇ ಪುಟಕ್ಕೆ ಬರುತ್ತಿದ್ದಂತೆ ಚಿಕ್ಕ ವಾಕ್ಯಕ್ಕೆ ಹೊರಳಿದ್ದೀಯ. ಅದಕ್ಕೇ ಅಲ್ಲಿ ಬೇರೆ ಯಾರೋ ಬರೆದಂತೆ ಕೇಳುತ್ತದೆ.

ಇನ್ನು ಪಣಕ್ಕಿಟ್ಟದ್ದು. ‘ಬದುಕೇ ಮುಳುಗುವುದರಲ್ಲಿತ್ತು’ ಅಂತ ಒಂದು ಕಡೆ ಬರೆದಿದ್ದೀಯ. ತೆಗೆದುಹಾಕು. ಮೂರು ಪುಟದೊಳಗೆ ಓದುಗರು ಒಂದು ಸಣ್ಣ ಬೇಕನ್ನು ಕಣ್ಣಾರೆ ನೋಡಬೇಕು. ಇಲ್ಲಿ ಅದು ಸುಣ್ಣ. ಸುಣ್ಣ ಸಿಗದಿದ್ದರೆ ಔಷಧಿ ಇಲ್ಲ, ಔಷಧಿ ಇಲ್ಲದಿದ್ದರೆ ಫಸಲಿಲ್ಲ, ಫಸಲಿಲ್ಲದಿದ್ದರೆ ಸೊಸೈಟಿ ಸಾಲ ತೀರುವುದಿಲ್ಲ. ಈ ಸರಪಳಿಯಲ್ಲಿ ಮೊದಲ ಎರಡು ಕೊಂಡಿ ಎದ್ದು ಕಾಣಲಿ. ಮೂರನೆಯದು ಯಾರದೋ ಬಾಯಲ್ಲಿ ಅರ್ಧ ಮಾತಾಗಿ ಬರಲಿ. ಎಲ್ಲಕ್ಕಿಂತ ದೊಡ್ಡದು, ಅಂದರೆ ತೋಟ ಮಾರೋಣ ಅನ್ನುವ ಬೆಂಗಳೂರಿನ ಅಣ್ಣ, ಸುಳಿವಾಗಿ ಮಾತ್ರ ಇರಲಿ: ಜಗಲಿಯಲ್ಲಿ ಫೋನ್ ಹೊಡೆದುಕೊಳ್ಳುತ್ತದೆ, ಅಪ್ಪಯ್ಯ ಹೆಸರು ನೋಡಿ ಅದನ್ನು ಮಗುಚಿ ಇಡುತ್ತಾನೆ. ಯಾಕೆ ಅಂತ ಹೇಳಬೇಡ. ಐದನೇ ಪುಟದಲ್ಲೂ ಹೇಳಬೇಡ.

ಕೊನೆಗಾರ ಮರದಿಂದ ಬೀಳುವುದರಿಂದ ಶುರು ಮಾಡಲೇ ಅಂತ ನೀನು ಕೇಳಿದ್ದೆ. ಬೇಡ. ಅವನು ಯಾರು ಅಂತ ತಿಳಿಯುವ ಮೊದಲೇ ಬಿದ್ದರೆ ಓದುಗರು ಬೆಚ್ಚುತ್ತಾರೆ, ಆದರೆ ಅವನಿಗಾಗಿ ಅಳುವುದಿಲ್ಲ. ಇಷ್ಟಾಗಿ ಎಲ್ಲ ಕಥೆಗೂ ಇಂಥ ಓಟ ಬೇಕು ಅಂತಲ್ಲ. ಮಂಚದ ಮೇಲೆ ಮಲಗಿರುವ ಅಜ್ಜಿಯೊಬ್ಬಳು ಕಿಟಕಿ ತೆಗೆಸಿಕೊಳ್ಳಲು ಒದ್ದಾಡುವುದರಲ್ಲೂ ಕಥೆ ಶುರುವಾಗಬಹುದು. ತೆಗೆಯದಿದ್ದರೆ ಅವಳಿಗೆ ಏನು ತಪ್ಪುತ್ತದೆ ಅಂತ ನಮಗೆ ತಿಳಿದರೆ ಸಾಕು.

ಹೊಸದಾಗಿ ಬರೆದ ಮೇಲೆ ಒಂದು ಪರೀಕ್ಷೆ ಮಾಡು. ಕಥೆ ಏನೆಂದು ಗೊತ್ತಿಲ್ಲದ ಒಬ್ಬರಿಗೆ ಮೂರೇ ಪುಟ ಕೊಟ್ಟು, ಓದಿಸಿ, ವಾಪಸ್ ತಗೋ. ಚೆನ್ನಾಗಿದೆಯಾ ಅಂತ ಕೇಳಬೇಡ, ಎಲ್ಲರೂ ಹೂಂ ಅಂತಾರೆ. ಸಂಜೆಯೊಳಗೆ ಇವರಿಗೆ ಏನಾಗಬೇಕು, ಆಗದಿದ್ದರೆ ಯಾರಿಗೆ ಜಾಸ್ತಿ ನೋವು ಅಂತ ಕೇಳು. ‘ಮಳೆ ತುಂಬಾ ಚೆನ್ನಾಗಿ ಬಂದಿದೆ’ ಅಂದರೆ ಇನ್ನೂ ವರ್ಣನೆಯೇ ಮುಂದಿದೆ ಅಂತ ತಿಳಿ. ‘ಅಪ್ಪನಿಗೆ’ ಅಂತ ಉತ್ತರ ಬಂದರೂ ಯೋಚನೆ ಮಾಡಬೇಕು, ಯಾಕೆಂದರೆ ಇದು ಶಾರದೆಯ ಕಥೆ. ಸುಣ್ಣ ತಂದಿಡುವ ಜವಾಬ್ದಾರಿ ಅವಳದಾಗಿತ್ತು ಅಂತ ಒಂದು ಸಾಲು ಸೇರಿಸಿದರೆ ನೋವು ಅವಳ ಕಡೆಗೆ ಬರುತ್ತದೆ.

ಅಜ್ಜನ ಪಾಲು ಪಂಚಾಯ್ತಿಯನ್ನು ಹರಿದು ಹಾಕಬೇಡ, ಚೆನ್ನಾಗಿದೆ. ಅಣ್ಣ ಊರಿಗೆ ಬಂದು ಪಾಲು ಕೇಳುವ ಅಧ್ಯಾಯಕ್ಕೆ ಎತ್ತಿಡು. ಮುಂದಿನ ವಾರ ಶಿವಮೊಗ್ಗಕ್ಕೆ ಬರುತ್ತೀಯಲ್ಲ, ಆಗ ಈ ಮೂರು ಪುಟ ಮಾತ್ರ ತಗೊಂಡು ಬಾ. ಮನೆಯಲ್ಲೇ ಇರುತ್ತೇನೆ, ಕೂತು ಓದೋಣ.

ನಿನ್ನ
ಅಕ್ಕ