ಉಸುಕಿನ ಲೆಕ್ಕ ಹಿಡಿದುಕೊಂಡು ಹೋಗು

ಬೆಳಗಾವಿ, ರವಿವಾರ

ಚಿ. ಮಂಜುನಾಥನಿಗೆ ನಿನ್ನ ಮಾವನ ಆಶೀರ್ವಾದ.

ಶಿಫ್ಟ್ ಇನ್‌ಚಾರ್ಜ್ ಕೆಲಸ ಕೇಳಬೇಕು ಅಂತಿದ್ದೀ ಎಂದು ನಿಮ್ಮವ್ವ ಹೇಳಿದಳು. ಕೇಳು. ಆದರೆ ನಾನು ಕೇಳಿದ ಹಾಗೆ ಕೇಳಬೇಡ. ಉದ್ಯಮಬಾಗಿನ ಒಂದು ಫೌಂಡ್ರಿಯಲ್ಲಿ ನಾನು 11 ವರ್ಷದ ಸರ್ವಿಸು, ಮನೆ ಬಾಡಿಗೆ, ಮಕ್ಕಳ ಫೀ ಎಲ್ಲಾ ಹೇಳಿಕೊಂಡೆ. ಸಾಹೇಬರು ಚಹಾ ಕುಡಿಸಿ ಕಳಿಸಿದರು, ಅಷ್ಟೇ.

ನಿನ್ನ ಹತ್ತಿರ ನನಗಿಂತ ಒಳ್ಳೆಯ ಮಾತಿದೆ. ಮಳೆಗಾಲದಲ್ಲಿ ಅಚ್ಚಿನ ಉಸುಕಿನ ತೇವ ದಿನಕ್ಕೊಂದು ಸಲ ನೋಡುತ್ತಿದ್ದದ್ದನ್ನು ಪ್ರತಿ ಎರಡು ತಾಸಿಗೆ ಮಾಡಿಸಿದವನು ನೀನು. ಪಂಪ್ ಬಾಡಿಯಲ್ಲಿ ಬ್ಲೋಹೋಲ್ ತೂತು ಕಡಿಮೆಯಾದದ್ದು ಅದರಿಂದಲೇ ಅಂತೀ. ಹಾಗಾದರೆ ರಿಜೆಕ್ಷನ್ ರಜಿಸ್ಟರ್ ತೆಗೆ. ಜುಲೈಯನ್ನು ಜನವರಿ ಜೊತೆ ಹೋಲಿಸಬೇಡ. ನಮ್ಮೂರ ಮಳೆ ಸಾಹೇಬರಿಗೂ ಗೊತ್ತು, "ಮಳಿ ನಿಂತ ಮ್ಯಾಲೆ ತಾನಾ ಕಡಿಮಿ ಆಗ್ತದಪಾ" ಅಂದುಬಿಡುತ್ತಾರೆ. ಹೋದ ಜುಲೈ, ಈ ಜುಲೈ, ಅದೇ ಪಂಪ್ ಬಾಡಿ, ಅಷ್ಟೇ ಇರಲಿ.

ನೀನು ಫೋನಿನಲ್ಲಿ ಹೇಳಿದ ಅಂಕಿಯನ್ನೇ ಹಿಡಿ. ಹೋದ ವರ್ಷ 1500 ಎರಕದಲ್ಲಿ 120 ರಿಜೆಕ್ಟು, ಅಂದರೆ ನೂರಕ್ಕೆ 8. ಈ ವರ್ಷ 1600ರಲ್ಲಿ 80, ನೂರಕ್ಕೆ 5. ಹಳೇ ಲೆಕ್ಕದಲ್ಲಿ 128 ಹೋಗಬೇಕಿತ್ತು, 48 ಉಳಿದವು. ಇಷ್ಟಕ್ಕೇ ನಿಲ್ಲಿಸಬೇಡ. ದೋಷದ ಪ್ರಕಾರ ಬಿಡಿಸಿ ಬರೆ. ಬ್ಲೋಹೋಲಿನವು 70 ಇದ್ದದ್ದು 28 ಆಗಿವೆ, ಉಳಿದ ದೋಷದವು 50 ಇದ್ದದ್ದು 52. ಬೇರೆಯವು ಇದ್ದಲ್ಲೇ ಇದ್ದು ಬ್ಲೋಹೋಲ್ ಒಂದೇ ಇಳಿದಿದೆ ಅಂದರೆ ಅದು ಉಸುಕಿನ ಕೆಲಸ ಅನ್ನುವುದು ಗಟ್ಟಿಯಾಗುತ್ತದೆ, ಅಲ್ವಾ? ಮಷಿನಿಂಗ್ ಆದ ಮೇಲೆ ಒಳಗಿನ ತೂತು ಕಂಡು ವಾಪಸ್ ಬಂದವನ್ನೂ ಎರಡೂ ವರ್ಷಕ್ಕೆ ಸೇರಿಸಿದ್ದೀ ತಾನೇ? ಇಲ್ಲದಿದ್ದರೆ ಮೊದಲ ಪ್ರಶ್ನೆ ಅದೇ ಬರುತ್ತದೆ.

ಉಳಿತಾಯವನ್ನು ರೂಪಾಯಿಗೆ ತರುವಾಗ ಆಸೆ ಮಾಡಬೇಡ. 48 ಎರಕದ ಪೂರ್ತಿ ಬೆಲೆ ಹಾಕಿದರೆ ಕೆಟ್ಟೆ. ರಿಜೆಕ್ಟಾದ ಕಬ್ಬಿಣ ಮತ್ತೆ ಕುಲುಮೆಗೇ ಹೋಗುತ್ತದೆ, ಪೂರಾ ಹಾಳಾಗುವುದಿಲ್ಲ. ಹಾಳಾಗುವುದು ಕರಗಿಸಿದ ಕರೆಂಟು, ಮೋಲ್ಡಿಂಗ್ ಕೂಲಿ, ಮಷಿನಿಂಗ್ ಆಗಿದ್ದರೆ ಅದರ ಖರ್ಚು. ಅಷ್ಟನ್ನೇ ಅಕೌಂಟ್ಸ್‌ನವರನ್ನು ಕೇಳಿ ಬರೆ. ಸಣ್ಣ ಅಂಕಿ ಆದರೂ ಯಾರೂ ಅಳಿಸಲಾರರು.

ಇದೆಲ್ಲ ಒಂದೇ ಹಾಳೆಯಲ್ಲಿ ಮುಗಿಯಲಿ. ಸಾಹೇಬರು ಅದನ್ನು ಮಾಲೀಕರ ಮುಂದೆ ಇಡುವಾಗ ಪಕ್ಕದಲ್ಲಿ ನೀನು ಇರುವುದಿಲ್ಲ. ತೇವ ನೋಡಿದ ಹುಡುಗರ ಹೆಸರೂ ಹಾಕು. ನಾಳೆ ಅವರನ್ನೇ ನಡೆಸಬೇಕು ನೀನು.

ಕೊನೆಗೆ "ನನಗೆ ಏನಾದರೂ ಮಾಡಿ ಸರ್" ಅನ್ನಬೇಡ. "ಎರಡನೇ ಶಿಫ್ಟ್ ಮೂರು ತಿಂಗಳು ಕೊಟ್ಟು ನೋಡಿ, ರಿಜೆಕ್ಷನ್ ಇದೇ ಮಟ್ಟದಲ್ಲಿ ನಿಂತರೆ ಕಾಯಂ ಮಾಡಿ" ಅನ್ನು. ಆ ಮೂರು ತಿಂಗಳಿಗೆ ಭತ್ಯೆ ಎಷ್ಟು ಅಂತ ಆಗಲೇ ಕೇಳು. ಸುಮ್ನೆ ದುಡಿಸಿಕೊಂಡು ಮರೆತವರನ್ನೂ ನಾನು ನೋಡಿದ್ದೇನೆ. ಇನ್‌ಕ್ರಿಮೆಂಟ್ ಪಟ್ಟಿ ಏಪ್ರಿಲ್‌ಗೆ ಬರುತ್ತದೆ ಅಂದರೆ ಅದು ತಯಾರಾಗುವುದು ಅದಕ್ಕೂ ಮೊದಲೇ, ಹಾಗಾಗಿ ಜನವರಿಯಲ್ಲೇ ಮಾತಾಡು.

ಮುಂದಿನ ರವಿವಾರ ಬರುವಾಗ ಹಾಳೆ ತಾ, ನೋಡುತ್ತೇನೆ. ಕುಂದಾ ತರಬೇಡ, ನಿಮ್ಮತ್ತೆ ನನಗೆ ಸಕ್ಕರೆ ಬಂದ್ ಮಾಡಿದ್ದಾಳೆ.

ನಿನ್ನ ಮಾವ